ಮಬ್ಬು ಫ್ಲ್ಯಾಟಿನಲ್ಲಿ ಗಿಡಕ್ಕೆ ಬೆಳಕೆಷ್ಟು?

ಮನೆಯೊಳಗಿನ ಬೆಳಕನ್ನು ಅಳೆಯುವ ಕೆಲಸಕ್ಕೆ ಕಣ್ಣು ಒಳ್ಳೆಯ ಸಾಧನವಲ್ಲ. ಬೆಂಗಳೂರಿನ ಮಧ್ಯಾಹ್ನದ ಬಿಸಿಲಿನಿಂದ ಫ್ಲ್ಯಾಟಿನ ಹಾಲ್‌ಗೆ ಕಾಲಿಟ್ಟಾಗ ಮೊದಲು ಕತ್ತಲೆ ಅನ್ನಿಸುತ್ತದೆ, ಐದು ನಿಮಿಷ ಕಳೆದರೆ ಪತ್ರಿಕೆ ಓದುವಷ್ಟು ಬೆಳಕಿದೆ ಅನ್ನಿಸುತ್ತದೆ. ಆ ಐದು ನಿಮಿಷದಲ್ಲಿ ಹಾಲ್‌ನ ಬೆಳಕು ಬದಲಾಗಿಲ್ಲ, ಕಣ್ಣು ಒಗ್ಗಿಕೊಂಡಿದೆ ಅಷ್ಟೆ. ಕಣ್ಣಿನ ಪಾಪೆ ಹಿಗ್ಗುತ್ತದೆ, ಅದಕ್ಕಿಂತ ಹೆಚ್ಚಾಗಿ ಅಕ್ಷಿಪಟಲವೇ ತನ್ನ ಸೂಕ್ಷ್ಮತೆಯನ್ನು ಏರಿಸಿಕೊಳ್ಳುತ್ತದೆ. ಹೊರಗೆ ನೆತ್ತಿಯ ಬಿಸಿಲು ಸುಮಾರು 1,00,000 ಲಕ್ಸ್ ಇದ್ದರೆ ಹಾಲ್‌ನ ನಡುವೆ 100 ಲಕ್ಸ್ ಇರಬಹುದು. ಸಾವಿರ ಪಟ್ಟಿನ ಈ ವ್ಯತ್ಯಾಸವನ್ನು ಕಣ್ಣು 'ಸ್ವಲ್ಪ ಮಬ್ಬು' ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುತ್ತದೆ. ಗಿಡಕ್ಕೆ ಹೀಗೆ ಒಗ್ಗಿಕೊಳ್ಳುವ ಅನುಕೂಲವಿಲ್ಲ. ಎಲೆಯ ಮೇಲೆ ಬಿದ್ದಷ್ಟು ಬೆಳಕೇ ಅದರ ಊಟ.

ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬೆಳಕಿನ ಅಳತೆಗೆ ಲಕ್ಸ್ ಎನ್ನುತ್ತಾರೆ. ಅಮೆರಿಕದ ತೋಟಗಾರಿಕೆ ಪುಸ್ತಕಗಳಲ್ಲಿ ಫುಟ್‌ಕ್ಯಾಂಡಲ್ ಎಂಬ ಲೆಕ್ಕ ಬರುತ್ತದೆ. ಅದನ್ನು ಹನ್ನೊಂದರಿಂದ ಗುಣಿಸಿದರೆ ಹೆಚ್ಚುಕಡಿಮೆ ಲಕ್ಸ್ ಸಿಗುತ್ತದೆ. ಮನುಷ್ಯರಿಗೆ ಸಾಕೆನಿಸುವ ಬೆಳಕು ಗಿಡಕ್ಕೆ ಎಷ್ಟು ಕಡಿಮೆ ಎನ್ನುವುದಕ್ಕೆ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಸಾಕ್ಷಿ. ಹಗಲಿನಲ್ಲಿ ಹೊರಗೆ 8,000 ಲಕ್ಸ್ ಇದೆ ಎಂದು ಇಟ್ಟುಕೊಂಡು, ಮನೆಯ ಹಾಲ್‌ನೊಳಗೆ 50 ಲಕ್ಸ್ ಬಂದರೆ ಸಾಕು ಎಂದು ಅದು ಲೆಕ್ಕ ಹಾಕುತ್ತದೆ. ಸೋಫಾದ ಮೇಲೆ ಕೂತು ಮಾತಾಡಲು ಅದು ಸಾಕು. ನೆರಳಲ್ಲೇ ಬಾಳುವುದೆಂದು ಹೆಸರಾದ ಗಿಡಗಳಿಗೂ ಅದರ ಐದಾರು ಪಟ್ಟು ಬೇಕು.

ಬೆಳಕು ಕಡಿಮೆಯಾದರೆ ಗಿಡ ತಕ್ಷಣ ಸಾಯುವುದಿಲ್ಲ ಎನ್ನುವುದೇ ಇಲ್ಲಿನ ಮೋಸ. ಗಿಡ ಹಗಲಿನಲ್ಲಿ ಬೆಳಕಿನಿಂದ ಸಕ್ಕರೆ ತಯಾರಿಸುತ್ತದೆ, ಹಗಲೂ ರಾತ್ರಿಯೂ ಉಸಿರಾಡುತ್ತಾ ಅದನ್ನು ಖರ್ಚು ಮಾಡುತ್ತದೆ. ಗಳಿಕೆ ಖರ್ಚಿಗಿಂತ ಕಡಿಮೆಯಾದರೆ ಬೇರು, ಕಾಂಡ, ಗೆಡ್ಡೆಗಳಲ್ಲಿ ಕೂಡಿಟ್ಟ ಪಿಷ್ಟವನ್ನು ತಿಂದು ಬದುಕುತ್ತದೆ. ಈಗ ಎಲ್ಲ ನರ್ಸರಿಗಳಲ್ಲೂ ಸಿಗುವ ಝೀಝೀ ಗಿಡದ ಮಣ್ಣಿನಡಿ ಆಲೂಗಡ್ಡೆಯಂಥ ಗೆಡ್ಡೆಗಳಿರುತ್ತವೆ. ಅದು ಕತ್ತಲೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಹೊಳೆಯುತ್ತಲೇ ನಿಲ್ಲಬಲ್ಲದು. 'ನಮ್ಮ ಮನೆಯಲ್ಲಿ ಚೆನ್ನಾಗಿದೆ' ಎಂದು ಮನೆಯವರು ಹೇಳಿಕೊಳ್ಳುವ ಆ ತಿಂಗಳುಗಳಲ್ಲಿ ಗಿಡ ತನ್ನ ಉಳಿತಾಯವನ್ನು ಕರಗಿಸುತ್ತಿರುತ್ತದೆ. ಹೀಗಾಗಿ ಗಿಡ ತಂದು, ಇಟ್ಟು, ನೋಡಿ ಕಲಿಯುವುದಕ್ಕೆ ಆರು ತಿಂಗಳು ಹಿಡಿಯುತ್ತದೆ. ಕೊಳ್ಳುವ ಮೊದಲೇ ಜಾಗವನ್ನು ಅಳೆದರೆ ಒಂದು ದಿನ ಸಾಕು.

ಅಳೆಯಲು ಇರುವ ಎರಡು ಸುಲಭ ದಾರಿಗಳಲ್ಲಿ ಮೊದಲನೆಯದು ನೆರಳು. ಗಿಡ ಇಡಬೇಕೆಂದಿರುವ ಜಾಗದಲ್ಲಿ ಬಿಳಿ ಕಾಗದ ಹಾಸಿ, ಮನೆಯ ದೀಪಗಳನ್ನೆಲ್ಲ ಆರಿಸಿ, ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ ಕಾಗದದಿಂದ ಒಂದು ಅಡಿ ಮೇಲೆ ಅಂಗೈಯನ್ನು ಬೆರಳು ಬಿಡಿಸಿ ಹಿಡಿಯಬೇಕು. ಗಿಡ ಸಾಕುವವರ ನಡುವೆ ಇದಕ್ಕೊಂದು ಸೂತ್ರ ಓಡಾಡುತ್ತದೆ. ಬೆರಳುಗಳ ಅಂಚು ಗೆರೆ ಎಳೆದಂತೆ ಕಂಡರೆ ಪ್ರಖರ ಬೆಳಕು, ಕೈಯ ಆಕಾರ ಗೊತ್ತಾದರೂ ಅಂಚು ಮಸುಕಾಗಿದ್ದರೆ ಮಧ್ಯಮ, ಬರೀ ಕಪ್ಪು ಛಾಯೆಯಷ್ಟೇ ಇದ್ದರೆ ಕಡಿಮೆ, ಏನೂ ಕಾಣದಿದ್ದರೆ ಗಿಡಕ್ಕೆ ಜಾಗವಲ್ಲ.

ಬಯಲು ಅಂಗಳವಿರುವ, ನಾಲ್ಕು ಕಡೆ ಗಾಳಿ ಬೆಳಕಿರುವ ಮನೆಯಲ್ಲಿ ಈ ಸೂತ್ರ ಬಹುಮಟ್ಟಿಗೆ ನಡೆಯುತ್ತದೆ. ಕಟ್ಟಡಗಳು ಒಂದಕ್ಕೊಂದು ಒತ್ತಿಕೊಂಡ ಬಡಾವಣೆಯ ಫ್ಲ್ಯಾಟಿನಲ್ಲಿ ಅದು ತಪ್ಪು ಹೇಳುತ್ತದೆ. ಮೋಡ ಮುಚ್ಚಿದ ಜುಲೈ ಮಧ್ಯಾಹ್ನ ತಾರಸಿಯ ಮೇಲೆ ಕೈ ಹಿಡಿದು ನೋಡಿದರೆ ನೆರಳು ಬೀಳುವುದೇ ಇಲ್ಲ. ಸೂತ್ರದ ಪ್ರಕಾರ ತಾರಸಿ ಗಿಡಕ್ಕೆ ಜಾಗವಲ್ಲ, ಆದರೆ ಅಲ್ಲಿ 10,000ದಿಂದ 20,000 ಲಕ್ಸ್ ಇರುತ್ತದೆ. ಅದೇ ಹೊತ್ತಿಗೆ ಒಂದೇ ಕಿಟಕಿಯ ಹಾಲ್‌ನ ಕೊನೆಯ ಮೂಲೆಯಲ್ಲಿ ಕಾಗದವನ್ನು ಕಿಟಕಿಗೆ ಮುಖ ಮಾಡಿ ನಿಲ್ಲಿಸಿ ಕೈ ಅಡ್ಡ ಹಿಡಿದರೆ ಅಂಗೈಯ ಆಕಾರ ಚೆನ್ನಾಗಿಯೇ ಮೂಡುತ್ತದೆ. ಅಲ್ಲಿ ಇರುವುದು 30 ಲಕ್ಸ್.

ಕಾರಣ ಸರಳ. ನೆರಳಿನ ಅಂಚು ಎಷ್ಟು ಚೂಪಾಗಿದೆ ಎನ್ನುವುದು ಬೆಳಕಿನ ಮೂಲ ನಮಗೆ ಎಷ್ಟು ಅಗಲವಾಗಿ ಕಾಣುತ್ತದೆ ಎನ್ನುವುದನ್ನು ಹೇಳುತ್ತದೆಯೇ ಹೊರತು ಬೆಳಕು ಎಷ್ಟಿದೆ ಎನ್ನುವುದನ್ನಲ್ಲ. ಆಕಾಶದಲ್ಲಿ ಸೂರ್ಯನ ಅಗಲ ಬರೀ ಅರ್ಧ ಡಿಗ್ರಿ. ಒಂದು ಅಡಿ ಎತ್ತರದಲ್ಲಿ ಹಿಡಿದ ಬೆರಳಿನ ನೆರಳಿಗೆ ಅದರಿಂದ ಮೂರು ಮಿಲಿಮೀಟರಿನಷ್ಟು ಮಸುಕು ಅಂಚು ಬರುತ್ತದೆ, ಬೆರಳು ಬೆರಳಾಗಿಯೇ ಉಳಿಯುತ್ತದೆ. ನಾಲ್ಕು ಅಡಿ ಅಗಲದ ಕಿಟಕಿಯಿಂದ ನಾಲ್ಕು ಅಡಿ ದೂರದಲ್ಲಿ ಅದೇ ಕೈಯನ್ನು ಹಿಡಿದರೆ ಮಸುಕು ಅಂಚು ಒಂದು ಅಡಿಯಷ್ಟಾಗುತ್ತದೆ, ಬೆರಳುಗಳೆಲ್ಲ ಅದರಲ್ಲಿ ಕರಗಿಹೋಗುತ್ತವೆ. ಹನ್ನೆರಡು ಅಡಿ ಹಿಂದಕ್ಕೆ ಹೋದರೆ ಕಿಟಕಿ ಚಿಕ್ಕದಾಗಿ ಕಾಣುವುದರಿಂದ ಮಸುಕು ನಾಲ್ಕು ಅಂಗುಲಕ್ಕೆ ಇಳಿದು ಕೈಯ ಆಕಾರ ಮತ್ತೆ ಕಾಣಿಸಿಕೊಳ್ಳುತ್ತದೆ. ಬೆಳಕು ಕುಗ್ಗಿದೆ, ನೆರಳು ಸ್ಪಷ್ಟವಾಗಿದೆ! ಮೋಡದ ದಿನ ತಾರಸಿಯಲ್ಲಿ ಇಡೀ ಆಕಾಶವೇ ದೀಪವಾಗಿರುವುದರಿಂದ ಎಲ್ಲ ಕಡೆಯಿಂದ ಬಂದ ಬೆಳಕು ನೆರಳನ್ನು ಅಳಿಸಿಹಾಕುತ್ತದೆ.

ಹಾಗಾದರೆ ನೆರಳನ್ನು ನೋಡಿ ಪ್ರಯೋಜನವೇ ಇಲ್ಲವೆಂದಲ್ಲ. ಅದನ್ನು ಕೇಳಬೇಕಾದ ಪ್ರಶ್ನೆ ಬೇರೆ. ಮೊದಲನೆಯದಾಗಿ, ನೇರ ಬಿಸಿಲು ಬರುತ್ತದೆಯೇ ಎನ್ನುವುದಕ್ಕೆ ಚೂಪು ನೆರಳಿನಷ್ಟು ಖಚಿತ ಉತ್ತರ ಮತ್ತೊಂದಿಲ್ಲ. ಎರಡನೆಯದಾಗಿ, ಬೆಳಕು ಎತ್ತ ಕಡೆಯಿಂದ ಬರುತ್ತಿದೆ ಎನ್ನುವುದು ನೆರಳು ಬಿದ್ದ ದಿಕ್ಕಿನಿಂದ ತಿಳಿಯುತ್ತದೆ. ಹಾಲ್‌ನಲ್ಲಿ ಹಾಸಿದ ಕಾಗದದ ಮೇಲೆ ನೆರಳು ಕೈಯ ಕೆಳಗೆ ಬೀಳದೆ ಗೋಡೆಯ ಕಡೆಗೆ ಉದ್ದಕ್ಕೆ ವಾಲಿದ್ದರೆ ಬೆಳಕು ಓರೆಯಾಗಿ ಬರುತ್ತಿದೆ ಎಂದರ್ಥ. ಅಲ್ಲಿ ಇಟ್ಟ ಗಿಡವೂ ಕಿಟಕಿಯ ಕಡೆಗೆ ವಾಲಿಕೊಂಡೇ ಬೆಳೆಯುತ್ತದೆ. ಎರಡು ನೆರಳು ಬಿದ್ದರೆ ಎರಡು ಕಿಟಕಿಗಳು ದುಡಿಯುತ್ತಿವೆ. ಇದರ ಜೊತೆಗೆ ಇನ್ನೊಂದು ಪರೀಕ್ಷೆ ಮಾಡಬಹುದು. ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಗಿಡದ ಎಲೆ ಇರುವ ಎತ್ತರಕ್ಕೆ ಕಣ್ಣನ್ನು ತಂದು ಕಿಟಕಿಯ ಕಡೆ ನೋಡಬೇಕು. ಅಲ್ಲಿಂದ ಒಂದು ತುಂಡು ಆಕಾಶ ಕಂಡರೆ ಆಶೆಯುಂಟು. ಎದುರು ಮನೆಯ ಗೋಡೆಯಷ್ಟೇ ಕಂಡರೆ ಗಿಡಕ್ಕೆ ಸಿಗುವುದು ಆ ಗೋಡೆ ಹಿಂದಿರುಗಿಸಿದ ಎರಡನೇ ಕೈ ಬೆಳಕು. ನಿಂತು ನೋಡಿದಾಗ ಕಂಡ ಆಕಾಶ ಲೆಕ್ಕಕ್ಕೆ ಬರುವುದಿಲ್ಲ, ಕುಂಡ ನಿಂತು ನೋಡುವುದಿಲ್ಲವಲ್ಲ.

ಬೆಳಕು ಎಷ್ಟು ಎನ್ನುವ ಪ್ರಶ್ನೆಗೆ ಉತ್ತರ ಫೋನಿನಲ್ಲಿದೆ. ಪರದೆಯ ಹೊಳಪನ್ನು ತಾನಾಗಿ ಏರಿಳಿಸುವುದಕ್ಕೆಂದು ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಮುಂಭಾಗದಲ್ಲಿ, ಕಿವಿಗೆ ಹಿಡಿಯುವ ಸ್ಪೀಕರಿನ ಆಸುಪಾಸು, ಒಂದು ಬೆಳಕಿನ ಸೆನ್ಸರ್ ಇರುತ್ತದೆ. ಅದು ಹೇಳುವ ಸಂಖ್ಯೆಯನ್ನು ತೋರಿಸುವ ಉಚಿತ ಲೈಟ್ ಮೀಟರ್ ಆಪ್‌ಗಳು ಬೇಕಾದಷ್ಟಿವೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳ ಪ್ರಯೋಗಕ್ಕೆಂದು ರೂಪಿಸಿದ phyphox ಎಂಬ ಆಪ್‌ನಲ್ಲೂ ಈ ಸೌಲಭ್ಯವಿದೆ, ಅದರಲ್ಲಿ ಜಾಹೀರಾತುಗಳ ಕಾಟವಿಲ್ಲ. ಐಫೋನಿನ ಕಥೆ ಬೇರೆ. ಅದರ ಸೆನ್ಸರನ್ನು ಹೊರಗಿನ ಆಪ್‌ಗಳು ಓದುವಂತಿಲ್ಲವಾದ್ದರಿಂದ ಅವು ಕ್ಯಾಮೆರಾದ ಮೂಲಕ ಅಂದಾಜು ಮಾಡುತ್ತವೆ. ಕ್ಯಾಮೆರಾ ಯಾವುದನ್ನು ನೋಡುತ್ತಿದೆಯೋ ಅದರ ಹೊಳಪನ್ನು ಅಳೆಯುತ್ತದೆ. ಕಪ್ಪು ಸೋಫಾ ಎದುರಿದ್ದರೆ ಕಡಿಮೆ, ಬಿಳಿ ಗೋಡೆ ಎದುರಿದ್ದರೆ ಹೆಚ್ಚು. ಆದ್ದರಿಂದ ಅಂಥ ಆಪ್‌ಗಳು ಲೆನ್ಸಿನ ಮೇಲೆ ತೆಳು ಬಿಳಿ ಕಾಗದದ ಪಟ್ಟಿ ಅಂಟಿಸಲು ಹೇಳುತ್ತವೆ. ಆ ಮಾತನ್ನು ಕಡೆಗಣಿಸಿದರೆ ಬಂದ ಸಂಖ್ಯೆಗೆ ಅರ್ಥವಿಲ್ಲ.

ಸೆನ್ಸರ್ ಎಲ್ಲಿದೆ ಎಂದು ತಿಳಿಯಲು ಆಪ್ ತೆರೆದು ಫೋನಿನ ಮೇಲಂಚಿನ ಉದ್ದಕ್ಕೂ ಬೆರಳು ಸರಿಸಿದರೆ ಸಾಕು, ಸಂಖ್ಯೆ ಧೊಪ್ಪನೆ ಬಿದ್ದಲ್ಲಿ ಅದು ಇದೆ. ಅಳೆಯುವಾಗ ಫೋನನ್ನು ಎಲೆ ಇರಬೇಕಾದ ಎತ್ತರದಲ್ಲಿ, ಪರದೆ ಮೇಲೆ ಮಾಡಿ ಮಟ್ಟಸವಾಗಿ ಇಡಬೇಕು. ಸ್ಟೂಲಿನ ಮೇಲೆ ಡಬ್ಬಿಯಿಟ್ಟು ಅದರ ಮೇಲೆ ಫೋನಿಡುವುದು ಕೈಯಲ್ಲಿ ಹಿಡಿಯುವುದಕ್ಕಿಂತ ಉತ್ತಮ. ಅಳೆಯುವವರು ಕಿಟಕಿಗೂ ಫೋನಿಗೂ ನಡುವೆ ನಿಲ್ಲಬಾರದು. ಚಿಕ್ಕ ಹಾಲ್‌ನಲ್ಲಿ ಒಬ್ಬರ ಮೈಯೇ ಅರ್ಧ ಬೆಳಕನ್ನು ತಡೆಯಬಲ್ಲದು. ಟ್ಯೂಬ್‌ಲೈಟ್, ಟಿವಿ ಆರಿರಬೇಕು. ಸೊಳ್ಳೆ ಪರದೆಯನ್ನು ದಿನವೂ ಹೇಗೆ ಇಡುತ್ತಾರೋ ಹಾಗೆಯೇ ಇಡಬೇಕು. ಒಮ್ಮೆ ತೆರೆದು, ಒಮ್ಮೆ ಮುಚ್ಚಿ ಅಳೆದು ನೋಡಿದರೆ ಧೂಳು ಹಿಡಿದ ಪರದೆ ನುಂಗುವ ಪಾಲು ನೋಡಿ ಅಚ್ಚರಿಯಾಗುತ್ತದೆ. ಒಮ್ಮೆ ಫೋನನ್ನು ಕಿಟಕಿಯ ಕಡೆಗೆ ವಾಲಿಸಿಯೂ ಅಳೆಯಬೇಕು. ಮಟ್ಟಸ ಅಳತೆಗಿಂತ ಅದು ಎರಡು ಮೂರು ಪಟ್ಟು ಹೆಚ್ಚಿದ್ದರೆ ಬೆಳಕು ಪಕ್ಕದಿಂದಲೇ ಬರುತ್ತಿದೆ ಎಂದು ಗೊತ್ತಾಗುತ್ತದೆ, ನೆರಳು ಹೇಳಿದ್ದೂ ಅದನ್ನೇ.

ಫೋನು ಅಳತೆಗೆಂದು ಮಾಡಿದ ಉಪಕರಣವಲ್ಲ. ಗಾಜಿನ ಸ್ಕ್ರೀನ್ ಗಾರ್ಡ್ ಸೆನ್ಸರನ್ನು ಮುಚ್ಚಿರಬಹುದು. ಪರದೆಯ ಅಡಿಯಲ್ಲೇ ಸೆನ್ಸರ್ ಇರುವ ಹೊಸ ಫೋನುಗಳಲ್ಲಿ ಪರದೆಯ ಸ್ವಂತ ಬೆಳಕೂ ಲೆಕ್ಕಕ್ಕೆ ಸೇರಿಬಿಡಬಹುದು, ಅದಕ್ಕೇ ಹೊಳಪನ್ನು ಪೂರ್ತಿ ಇಳಿಸಿ ಅಳೆಯುವುದು ಒಳ್ಳೆಯದು. ಕೆಲವು ಫೋನುಗಳು ಬಿಸಿಲಿನಲ್ಲಿ ಒಂದು ಸಂಖ್ಯೆಗೆ ಹೋಗಿ ಅಂಟಿಕೊಂಡು, ಹೇಗೆ ತಿರುಗಿಸಿದರೂ ಅಲ್ಲಾಡುವುದಿಲ್ಲ. ಒಂದೇ ಜಾಗದಲ್ಲಿ ಮನೆಯ ಎರಡು ಫೋನುಗಳು 90 ಮತ್ತು 140 ಎಂದು ಬೇರೆ ಬೇರೆ ಸಂಖ್ಯೆ ಹೇಳುವುದು ಸಾಮಾನ್ಯ. ಇಲ್ಲಿಗೆ ಬಂದವರು ಫೋನಿನ ಮೀಟರ್ ಸುಳ್ಳೆಂದು ಕೈಬಿಡುತ್ತಾರೆ.

ಆದರೆ ಈ ದೋಷಕ್ಕೆ ಕಟ್ಟಡ ವಿನ್ಯಾಸಕಾರರ ಬಳಿ ಹಳೆಯದೊಂದು ಮದ್ದಿದೆ. ಅವರು ಕೋಣೆಯ ಬೆಳಕನ್ನು ಲಕ್ಸ್‌ನಲ್ಲಿ ಹೇಳುವುದಕ್ಕಿಂತ ಹೊರಗಿನ ಬೆಳಕಿನ ಶೇಕಡಾವಾರು ಪಾಲಾಗಿ ಹೇಳುತ್ತಾರೆ. ಪೂರ್ತಿ ಮೋಡ ಕವಿದ ದಿನ ತಾರಸಿಯ ಬಯಲಲ್ಲಿ ಒಮ್ಮೆ ಅಳೆದು, ತಡಮಾಡದೆ ಕೆಳಗಿಳಿದು ಗಿಡದ ಜಾಗದಲ್ಲಿ ಅಳೆದು, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಆ ಪಾಲು ಸಿಗುತ್ತದೆ. ಇದರಲ್ಲಿ ಎರಡು ಲಾಭವಿದೆ. ಫೋನು ಎಲ್ಲವನ್ನೂ ಮೂರನೇ ಒಂದು ಭಾಗ ಕಡಿಮೆ ಹೇಳುತ್ತಿದ್ದರೂ ಭಾಗಿಸಿದಾಗ ಆ ತಪ್ಪು ಮೇಲೂ ಕೆಳಗೂ ಹೊಡೆದುಹೋಗುತ್ತದೆ. ಮೋಡ ದಟ್ಟವಾಗಲಿ ತೆಳುವಾಗಲಿ ಪಾಲು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಏಕೆಂದರೆ ಅದನ್ನು ನಿರ್ಧರಿಸುವುದು ಕಿಟಕಿಯ ಅಳತೆ, ಎದುರು ಕಟ್ಟಡದ ದೂರ, ಗೋಡೆಯ ಬಣ್ಣ ಇವೇ ಹೊರತು ಆ ದಿನದ ಹವೆಯಲ್ಲ. ಬಿಸಿಲಿನ ದಿನ ಈ ಲೆಕ್ಕ ನಡೆಯುವುದಿಲ್ಲ. ತಾರಸಿಯ ಸಂಖ್ಯೆಯಲ್ಲಿ ನೇರ ಬಿಸಿಲು ಸೇರಿಕೊಂಡು ಪಾಲು ಸುಳ್ಳೇ ಕಡಿಮೆ ಬರುತ್ತದೆ.

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಸಿಗುವಂಥ ಒಂದು ಫ್ಲ್ಯಾಟನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ನಾಲ್ಕು ಅಂತಸ್ತಿನ ಕಟ್ಟಡದ ಮೂರನೇ ಅಂತಸ್ತು. ಹಾಲ್‌ಗೆ ಉತ್ತರಕ್ಕೊಂದೇ ಕಿಟಕಿ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ, ಮೇಲೆ ಎರಡು ಅಡಿ ಚಾಚಿದ ಸಜ್ಜಾ. ಹತ್ತು ಅಡಿ ಆಚೆ ಅಷ್ಟೇ ಎತ್ತರದ ಇನ್ನೊಂದು ಕಟ್ಟಡ. ಅಡುಗೆಮನೆಯ ಆಚೆ ಪೂರ್ವಕ್ಕೆ ಬಟ್ಟೆ ಒಗೆಯುವ ಯುಟಿಲಿಟಿ ಬಾಲ್ಕನಿ. ಮನೆಯವರಿಗೆ ಟಿವಿಯ ಪಕ್ಕದ ಮೂಲೆಯಲ್ಲಿ ಫಿಡಲ್ ಲೀಫ್ ಫಿಗ್ ಇಡುವ ಆಸೆ, ಯಾವುದೋ ಹೋಟೆಲಿನ ಒಳಾಂಗಣದಲ್ಲಿ ನೋಡಿ ಬಂದದ್ದು. (ಹೋಟೆಲು, ಕಚೇರಿಗಳ ಇಂಥ ಗಿಡಗಳು ಅನೇಕ ಕಡೆ ಬಾಡಿಗೆಗೆ ಬಂದವು. ಬಾಡಿದ ಕೂಡಲೇ ಬದಲಾಗುತ್ತವೆ ಎನ್ನುವುದು ನೋಡುವವರಿಗೆ ಗೊತ್ತಾಗುವುದಿಲ್ಲ.)

ಮೋಡದ ದಿನ ಮಧ್ಯಾಹ್ನ ತಾರಸಿಯಲ್ಲಿ ಫೋನು 14,000 ಲಕ್ಸ್ ತೋರಿಸಿತು ಎಂದುಕೊಂಡರೆ, ಇಂಥ ಮನೆಯ ಕಿಟಕಿಯ ಕಟ್ಟೆಯ ಮೇಲೆ 490, ಕಿಟಕಿಯಿಂದ ನಾಲ್ಕು ಅಡಿ ಒಳಗಿರುವ ಟೀಪಾಯಿಯ ಮೇಲೆ 126, ಹನ್ನೆರಡು ಅಡಿ ದೂರದ ಟಿವಿ ಮೂಲೆಯಲ್ಲಿ 28 ಬರುವುದು ಸಹಜ. ಪಾಲಿನ ಲೆಕ್ಕದಲ್ಲಿ ಕಟ್ಟೆಗೆ ಶೇ 3.5, ಟೀಪಾಯಿಗೆ ಶೇ 0.9, ಮೂಲೆಗೆ ಶೇ 0.2. ನಾಲ್ಕೇ ಅಡಿಯಲ್ಲಿ ಬೆಳಕು ಕಾಲು ಭಾಗಕ್ಕೆ ಇಳಿಯಿತು. 'ಕಿಟಕಿಯ ಹತ್ತಿರವೇ ಇದೆಯಲ್ಲ' ಎನ್ನುವ ಮಾತಿನಲ್ಲಿ ಎಷ್ಟೋ ಗಿಡಗಳು ಸತ್ತಿರುವುದು ಈ ನಾಲ್ಕು ಅಡಿಗಳ ಒಳಗೆ.

ಇದೇ ಮನೆಯಲ್ಲಿ ನೆರಳು ಏನು ಹೇಳುತ್ತದೆ? ಕಟ್ಟೆಯ ಮೇಲೆ ಹಾಸಿದ ಕಾಗದದಲ್ಲಿ ಬೆರಳುಗಳು ಕಾಣದ, ಅಂಗೈಯಷ್ಟಗಲದ ತೆಳು ಛಾಯೆ. ಟಿವಿ ಮೂಲೆಯಲ್ಲಿ ಕಿಟಕಿಗೆ ಎದುರಾಗಿ ಹಿಡಿದ ಕಾಗದದಲ್ಲಿ ಅದಕ್ಕಿಂತ ಸ್ಪಷ್ಟವಾದ ಕೈ. ನೆರಳನ್ನಷ್ಟೇ ನಂಬಿದವರು ಮೂಲೆಯೇ ಮೇಲು ಎಂದು ತೀರ್ಮಾನಿಸಿ ಗಿಡವನ್ನು ಅಲ್ಲಿಯೇ ಇಡುತ್ತಾರೆ. ಮೀಟರ್ ನೋಡಿದವರಿಗೆ ಮೂಲೆಯಲ್ಲಿ ಕಟ್ಟೆಯ ಹದಿನೇಳನೇ ಒಂದು ಭಾಗ ಮಾತ್ರ ಬೆಳಕಿದೆ ಎಂದು ಗೊತ್ತಿರುತ್ತದೆ.

ಇನ್ನು ಗಿಡಗಳ ಬೇಡಿಕೆ. ತೋಟಗಾರಿಕೆ ಕೈಪಿಡಿಗಳು ಸಾಮಾನ್ಯವಾಗಿ 270ರಿಂದ 1,000 ಲಕ್ಸ್ ವರೆಗಿನ ಜಾಗವನ್ನು ಕಡಿಮೆ ಬೆಳಕು ಎನ್ನುತ್ತವೆ, ಅಲ್ಲಿಂದ 5,000ದ ವರೆಗೆ ಮಧ್ಯಮ, ಅದರಾಚೆ ಹೆಚ್ಚು. ಕಡಿಮೆ ಬೆಳಕಿನಲ್ಲಿ ಝೀಝೀ, ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್, ಹಸಿರೆಲೆಯ ಅಗ್ಲೋನೀಮಾ ಬಾಳುತ್ತವೆ. ಬಾಳುವುದಕ್ಕೂ ಬೆಳೆಯುವುದಕ್ಕೂ ಇಲ್ಲಿ ಅಂತರವಿದೆ. ಈ ನಾಲ್ಕೂ 'ಕಡಿಮೆ ಬೆಳಕನ್ನು ಬಯಸುವ' ಗಿಡಗಳಲ್ಲ, ಅದನ್ನು ಸಹಿಸುವ ಗಿಡಗಳು. ಪೀಸ್ ಲಿಲಿಯ ಎಲೆ ಇಲ್ಲಿ ಉಳಿದರೂ ಹೂವಿಗೆ ಮಧ್ಯಮ ಬೆಳಕು ಬೇಕು. ಫಿಡಲ್ ಲೀಫ್ ಫಿಗ್, ಕ್ರೋಟನ್‌ಗಳು ಹೆಚ್ಚು ಬೆಳಕಿನವು. ತುಳಸಿ, ಕರಿಬೇವು, ಮಲ್ಲಿಗೆಗಳಿಗೆ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲೇ ಬೇಕು, ಅವು ಹಾಲ್‌ನ ಮಾತಲ್ಲ. ಹಾಗಾಗಿ ಉದಾಹರಣೆಯ ಮನೆಯಲ್ಲಿ ಕಟ್ಟೆಯ ಮೇಲೆ ಮನಿ ಪ್ಲಾಂಟ್ ಇಡಬಹುದು. ಟೀಪಾಯಿಯ ಮೇಲೆ ಝೀಝೀ ಎರಡು ಮೂರು ವಾರ ನೆಂಟನಂತೆ ಇದ್ದು ಕಟ್ಟೆಗೆ ಮರಳಬೇಕು. ಮೂಲೆ ಖಾಲಿಯೇ ಇರಬೇಕು.

ಆದರೆ ಒಂದು ಕ್ಷಣದ ಲಕ್ಸ್ ದಿನದ ಊಟವನ್ನು ಹೇಳುವುದಿಲ್ಲ. ಗಿಡಕ್ಕೆ ಲೆಕ್ಕ ಸಿಗುವುದು ಬೆಳಕನ್ನು ಗಂಟೆಯಿಂದ ಗುಣಿಸಿದಾಗ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಒಂದು, ಸಂಜೆ ನಾಲ್ಕು ಹೀಗೆ ಮೂರು ಸಲ ಅಳೆದು ಸರಾಸರಿ ತೆಗೆದರೆ ಸಾಕಷ್ಟು ಒಳ್ಳೆಯ ಅಂದಾಜು ಸಿಗುತ್ತದೆ. ಕಟ್ಟೆಯ ಸರಾಸರಿ 400 ಎಂದರೆ ಹತ್ತು ಗಂಟೆಗೆ 4,000 ಲಕ್ಸ್-ಗಂಟೆ. ಈಗ ಯಾರೂ ಗಿಡದ ಜಾಗವೆಂದು ನೋಡದ ಯುಟಿಲಿಟಿ ಬಾಲ್ಕನಿಗೆ ಹೋಗಬೇಕು. ಅಲ್ಲಿ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ತನಕ ಎರಡು ಕಟ್ಟಡಗಳ ಸಂದಿಯಿಂದ ಬಿಸಿಲ ಪಟ್ಟಿಯೊಂದು ಬೀಳುತ್ತದೆ ಎಂದುಕೊಳ್ಳೋಣ. ಆ ಪಟ್ಟಿಯಲ್ಲಿ ಕೈಯ ನೆರಳು ಚೂಪಾಗಿ ಮೂಡುತ್ತದೆ, ಮೀಟರ್ 25,000ದ ಆಸುಪಾಸು ಹೇಳುತ್ತದೆ. ಒಂದೂವರೆ ಗಂಟೆಗೆ 37,500 ಲಕ್ಸ್-ಗಂಟೆ. ದಿನವಿಡೀ ಕಿಟಕಿಯ ಕಟ್ಟೆಯ ಮೇಲೆ ಸಿಗುವುದರ ಒಂಬತ್ತು ಪಟ್ಟು! ಮಧ್ಯಾಹ್ನ ಮಾತ್ರ ಅಳೆದವರಿಗೆ ಈ ಬಾಲ್ಕನಿ ಮಬ್ಬು ಜಾಗವಾಗಿ ಕಾಣುತ್ತದೆ. ಇಂಥ ಪಟ್ಟಿಗಳನ್ನು ಹುಡುಕಿಕೊಡುವುದರಲ್ಲಿ ನೆರಳನ್ನು ಮೀರಿಸುವ ಸಾಧನವಿಲ್ಲ. ರಜೆಯ ದಿನ ಬಿಸಿಲು ಎಲ್ಲೆಲ್ಲಿ ಬೀಳುತ್ತದೋ ಅಲ್ಲೆಲ್ಲ ಅರ್ಧ ಗಂಟೆಗೊಮ್ಮೆ ರಂಗೋಲಿ ಪುಡಿಯಿಂದಲೋ ಸೀಮೆಸುಣ್ಣದಿಂದಲೋ ಅಂಚು ಗುರುತಿಸಿ ಹೊತ್ತು ಬರೆದಿಟ್ಟರೆ ಮನೆಯ ಬಿಸಿಲಿನ ನಕ್ಷೆ ಸಿದ್ಧ.

ಆ ನಕ್ಷೆ ಮೂರು ತಿಂಗಳಿಗೆ ಹಳತಾಗುತ್ತದೆ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವ ಜಾಗ ಜೂನ್‌ನಲ್ಲಿ ಪೂರ್ವದಿಂದ 24 ಡಿಗ್ರಿಯಷ್ಟು ಉತ್ತರಕ್ಕೂ ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿಯುತ್ತದೆ. ಎರಡು ಕಟ್ಟಡಗಳ ಸಂದಿಯಿಂದ ಬರುವ ಬಿಸಿಲು ಏಪ್ರಿಲ್‌ನಲ್ಲಿ ಇದ್ದು ಡಿಸೆಂಬರ್‌ನಲ್ಲಿ ಇಲ್ಲದೆ ಹೋಗಬಹುದು. ಯುರೋಪು, ಅಮೆರಿಕದ ಪುಸ್ತಕಗಳ 'ದಕ್ಷಿಣದ ಕಿಟಕಿ ಶ್ರೇಷ್ಠ, ಉತ್ತರದ್ದು ಕತ್ತಲೆ' ಎಂಬ ನಿಯಮ ಇಲ್ಲಿಗೆ ಹೊಂದದಿರುವುದೂ ಇದರಿಂದಲೇ. 13ನೇ ಅಕ್ಷಾಂಶದ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರದಲ್ಲಿರುತ್ತಾನೆ. ಹಾಗೆಂದು ಉದಾಹರಣೆಯ ಉತ್ತರದ ಕಿಟಕಿಗೆ ಜೂನ್ ಮಧ್ಯಾಹ್ನ ಬಿಸಿಲು ಬರುತ್ತದೆಯೇ ಎಂದರೆ ಅದೂ ಇಲ್ಲ. ಸೂರ್ಯ ನೆತ್ತಿಯಿಂದ ಹತ್ತು ಡಿಗ್ರಿಯಷ್ಟೇ ಸರಿದಿರುವುದರಿಂದ ಎರಡು ಅಡಿಯ ಸಜ್ಜಾದ ನೆರಳು ಹತ್ತು ಅಡಿ ಕೆಳಗಿನವರೆಗೂ ಬಿದ್ದು ಕಿಟಕಿಯನ್ನು ಪೂರ್ತಿ ಮುಚ್ಚುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದು, ಎದುರು ಕಟ್ಟಡದ ಗೋಡೆಯ ಮೇಲಿನ ಹದಿಮೂರು ಅಡಿಯಷ್ಟು ಭಾಗಕ್ಕೆ ಬಿಸಿಲು ತಾಗುತ್ತದೆ. ಗೋಡೆ ಬೆಳ್ಳಗಿದ್ದರೆ ಅದರ ಪ್ರತಿಫಲನದಿಂದ ಈ ಕಿಟಕಿಗೆ ವರ್ಷದಲ್ಲೇ ಒಳ್ಳೆಯ ಬೆಳಕು ಸಿಗುವುದು ಚಳಿಗಾಲದ ಮಧ್ಯಾಹ್ನ. ನೆರೆಯವರು ಗೋಡೆಗೆ ಬೂದು ಬಣ್ಣ ಹೊಡೆಸಿದರೆ ಅದೂ ಹೋಯಿತು.

ಫೋನನ್ನು ನರ್ಸರಿಗೂ ಒಯ್ಯುವುದು ಒಳ್ಳೆಯದು. ಲಾಲ್‌ಬಾಗಿನ ಬಳಿಯ ಸಿದ್ಧಾಪುರದ ನರ್ಸರಿಗಳಲ್ಲಾಗಲಿ ಬೇರೆಲ್ಲಾಗಲಿ ಒಳಾಂಗಣ ಗಿಡಗಳನ್ನು ಹಸಿರು ಬಲೆಯ ಕೆಳಗೆ ಇಟ್ಟಿರುತ್ತಾರೆ. ಕಣ್ಣಿಗೆ ಅದು ತಂಪು ನೆರಳು. ಶೇ 75ರಷ್ಟು ಬಿಸಿಲನ್ನು ತಡೆಯುವ ಬಲೆಯ ಅಡಿಯಲ್ಲೂ ಬೇಸಗೆಯ ಮಧ್ಯಾಹ್ನ 25,000 ಲಕ್ಸ್ ಇರುತ್ತದೆ. ಅಲ್ಲಿ ಬೆಳೆದ ಎಲೆಗಳು ಆ ಬೆಳಕಿಗೆಂದೇ ದಪ್ಪಗೆ ರೂಪುಗೊಂಡಿರುತ್ತವೆ. ಅದನ್ನು ಒಮ್ಮೆಲೇ 490 ಲಕ್ಸ್‌ನ ಕಟ್ಟೆಗೆ ತಂದರೆ ಐವತ್ತನೇ ಒಂದು ಭಾಗದ ಊಟಕ್ಕೆ ಇಳಿಸಿದಂತೆ. ಫೈಕಸ್ ಜಾತಿಯ ಗಿಡಗಳು ಇಂಥ ಹೊತ್ತಿನಲ್ಲಿ ಬುಡುಬುಡು ಎಲೆ ಉದುರಿಸುತ್ತವೆ. ಅಂಗಡಿಯ ಒಳಗಿನ ಕತ್ತಲೆ ಕಡೆ ಕೆಲವು ವಾರ ಇದ್ದು ಒಗ್ಗಿದ ಗಿಡ, ನೋಡಲು ಸ್ವಲ್ಪ ಸೊರಗಿದಂತಿದ್ದರೂ, ಮಬ್ಬು ಮನೆಗೆ ಮೇಲು. ತಂದ ಗಿಡವನ್ನು ಮೊದಲು ಯುಟಿಲಿಟಿಯಲ್ಲಿ ಎರಡು ವಾರ, ಆಮೇಲೆ ಕಟ್ಟೆಗೆ ಎಂದು ಹಂತ ಹಂತವಾಗಿ ಇಳಿಸಿದರೂ ಆದೀತು.

ಅಳತೆ ತಪ್ಪಿದ್ದರೆ ಗಿಡವೇ ಹೇಳುತ್ತದೆ, ತಡವಾಗಿ. ಹೊಸ ಎಲೆಗಳು ಹಳೆಯವಕ್ಕಿಂತ ಚಿಕ್ಕದಾಗುತ್ತವೆ, ಎಲೆಯಿಂದ ಎಲೆಗೆ ಗೆಣ್ಣಿನ ಅಂತರ ಉದ್ದವಾಗುತ್ತದೆ, ಬಳ್ಳಿ ಕಿಟಕಿಯ ಕಡೆ ಬಾಗುತ್ತದೆ. ಬಿಳಿ ಹಳದಿ ಪಟ್ಟೆಯ ಮನಿ ಪ್ಲಾಂಟ್ ತನ್ನ ಪಟ್ಟೆ ಬಿಟ್ಟು ಹಸಿರಾಗುತ್ತದೆ, ಪಟ್ಟೆಯ ಬಿಳಿ ಭಾಗ ಊಟ ತಯಾರಿಸದ ಕಾರಣ. ಇವುಗಳಿಗಿಂತ ಮೊದಲೇ ಕಾಣುವ ಲಕ್ಷಣ ಮಣ್ಣಿನಲ್ಲಿದೆ. ನೀರು ಹಾಕಿ ಎರಡು ವಾರವಾದರೂ ಬೆರಳು ತೂರಿಸಿದರೆ ಮಣ್ಣು ಒದ್ದೆಯಾಗಿದ್ದರೆ ಗಿಡ ನೀರು ಕುಡಿಯುತ್ತಿಲ್ಲ, ಏಕೆಂದರೆ ಅದಕ್ಕೆ ದುಡಿಯಲು ಬೆಳಕಿಲ್ಲ. ಅಭ್ಯಾಸದಂತೆ ವಾರಕ್ಕೆರಡು ಸಲ ನೀರು ಹಾಕುತ್ತಾ ಹೋದರೆ ಬೇರು ಕೊಳೆಯುತ್ತದೆ. ಆಗ ಮನೆಯವರು ನೀರು ಹೆಚ್ಚಾಯಿತು ಎನ್ನುತ್ತಾರೆ. ನೀರು ಅಷ್ಟೇ ಇತ್ತು, ಬೆಳಕು ಕಡಿಮೆಯಿತ್ತು.

ಟಿವಿ ಮೂಲೆಗೆ ಗಿಡ ಬೇಕೇ ಬೇಕು ಎನ್ನುವವರಿಗೆ ಉಳಿದಿರುವುದು ದೀಪ. ಸಾಧಾರಣ 9 ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬು ತನ್ನ ಕೆಳಗೆ ಒಂದು ಅಡಿಯಲ್ಲಿ ಸುಮಾರು 1,400 ಲಕ್ಸ್ ಕೊಡುತ್ತದೆ, ಎರಡು ಅಡಿಗೆ ಅದು 350ಕ್ಕೆ ಇಳಿಯುತ್ತದೆ, ಚಾವಣಿಯಲ್ಲಿದ್ದರೆ ಗಿಡಕ್ಕೆ ಇದ್ದೂ ಇಲ್ಲದಂತೆ. ಬಗ್ಗಿಸಬಲ್ಲ ಟೇಬಲ್ ಲ್ಯಾಂಪಿಗೆ ಹಾಕಿ, ಗಿಡದ ಮೇಲೆ ಒಂದು ಅಡಿಯಲ್ಲಿ ನಿಲ್ಲಿಸಿ, ದಿನಕ್ಕೆ ಹನ್ನೆರಡು ಗಂಟೆ ಉರಿಸಿದರೆ ಕಿಟಕಿಯ ಕಟ್ಟೆಯ ನಾಲ್ಕು ಪಟ್ಟು ಬೆಳಕು ಸಿಗುತ್ತದೆ. ತಿಂಗಳಿಗೆ ವಿದ್ಯುತ್ ಖರ್ಚು ಮೂರೂಕಾಲು ಯೂನಿಟ್ಟು. ಅದರ ಕೆಳಗೆ ಝೀಝೀಯೂ ಅಗ್ಲೋನೀಮಾವೂ ನೆಮ್ಮದಿಯಾಗಿ ಇರುತ್ತವೆ. ಫಿಡಲ್ ಲೀಫ್ ಫಿಗ್ ಮಾತ್ರ ಆ ಮನೆಯಲ್ಲಿ ಯುಟಿಲಿಟಿ ಬಾಲ್ಕನಿಯ ಗಿಡ, ಒಗೆದ ಬಟ್ಟೆಗಳನ್ನು ಅತ್ತ ಸರಿಸಿ ಜಾಗ ಮಾಡಿಕೊಟ್ಟರೆ.